ಮೂರು ಪ್ರಧಾನ ಪೀಡನಗಳೂ ಪರಮ ಕತ್ತರಿ ಪೀಡನವೂ

ಮೈಸೂರು ಜಿಲ್ಲೆಯ ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಗಳ ನಡುವೆ ಸೀಳಿ ಸುಮಾರು 20 ಮೀಟರು ಕೆಳಕ್ಕೆ ಧುಮುಕುವಳು. ಕೋದಂಡರಾಮನ ದೇವಸ್ಥಾನವನ್ನೂ ಸಂಕ್ರಾಂತಿಯ ಕಾಲದ ದನಗಳ ಜಾತ್ರೆಯನ್ನೂ ನೋಡಲು ಬರುವವರು ಈ ಧುಮುಕನ್ನು ಕಣ್ತುಂಬ ನೋಡಿ ಹೋಗುತ್ತಾರೆ. ಅಲ್ಲಿಯೇ ಈಗ 18 ಮೆಗಾವಾಟಿನ ಒಂದು ಸಣ್ಣ ಜಲವಿದ್ಯುದಾಗಾರವೂ ಇರುವುದು. ಅದೇ ನದಿ ಕನ್ನಂಬಾಡಿಯ ಕಟ್ಟೆಯನ್ನು ದಾಟಿ ಶಿವನಸಮುದ್ರವನ್ನು ಸೇರಿದಾಗ, ಅಲ್ಲಿಯ ವಿದ್ಯುದಾಗಾರದ ಕೊಳವೆಗಳಿಗೆ ದೊರೆಯುವ ಎತ್ತರ ಸುಮಾರು 400 ಅಡಿ, ಎಂದರೆ 120 ಮೀಟರು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಲಾರಂಭಿಸಿದುದು ಈ ಎತ್ತರದ ಬಲದಿಂದಲೇ. ನೀರು ಒಂದೇ, ನದಿ ಒಂದೇ. ಆದರೆ ಎತ್ತರವು ಆರು ಪಾಲು ಹೆಚ್ಚು. ಮೊದಲನೆಯ ಸ್ಥಳದಲ್ಲಿ ಯಾರಿಗೂ ಕಾಣದೆ ಅಡಗಿಕೊಂಡಿರಬಹುದಾದ ಒಂದು ಲೆಕ್ಕದ ತಪ್ಪು ಎರಡನೆಯ ಸ್ಥಳದಲ್ಲಿ ಕೊಳವೆಯನ್ನೇ ಸೀಳಿಬಿಡಬಲ್ಲುದು. ಆ ತಪ್ಪು ಯಾವುದು, ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನು ಗೊತ್ತುಮಾಡಿಕೊಳ್ಳೋಣ. ಒಂದು ವಸ್ತುವಿನೊಳಗೆ ಯಾವುದಾದರೊಂದು ಸಮತಲದಲ್ಲಿ ಕಡಿತವನ್ನು ಕಲ್ಪಿಸಿಕೊಂಡರೆ, ಆ ಕಡಿತದ ಒಂದು ಪಕ್ಕವು ಇನ್ನೊಂದು ಪಕ್ಕದ ಮೇಲೆ ಪ್ರತಿ ಚದರ ಮಿಲಿಮೀಟರಿಗೆ ಹೂಡುವ ಬಲವನ್ನು ಪೀಡನವೆಂದು ಕರೆಯುವೆವು. ಇದರಲ್ಲಿ ಸಮತಲಕ್ಕೆ ಲಂಬವಾಗಿ ಎಳೆಯುವ ಅಥವಾ ಒತ್ತುವ ಭಾಗವು ಲಂಬ ಪೀಡನ. ಸಮತಲದ ಗುಂಟ ಜಾರಿಸಲೆಳಸುವ ಭಾಗವು ಕತ್ತರಿ ಪೀಡನ. ಯಾವ ಬಿಂದುವಿನಲ್ಲಿಯಾದರೂ ಸರಿಯೇ, ಪರಸ್ಪರ ಲಂಬವಾದ ಮೂರು ಸಮತಲಗಳನ್ನು ಆರಿಸಿಕೊಳ್ಳಬಹುದು. ಅವುಗಳ ಮೇಲೆ ಕತ್ತರಿ ಪೀಡನವು ಸ್ವಲ್ಪವೂ ಇರದು. ಅಲ್ಲಿ ಉಳಿಯುವ ಮೂರು ಲಂಬ ಪೀಡನಗಳೇ ಪ್ರಧಾನ ಪೀಡನಗಳು. ದೊಡ್ಡದರಿಂದ ಚಿಕ್ಕದಕ್ಕೆ ಅವುಗಳನ್ನು σ1, σ2, σ3 ಎಂದು ಬರೆಯುವುದು ವಾಡಿಕೆ. ಎಳೆತವನ್ನು ಧನವೆಂದೂ ಒತ್ತುವಿಕೆಯನ್ನು ಋಣವೆಂದೂ ಎಣಿಸುವೆವು. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಮೂರು ಎಂದರೆ ಯಾವಾಗಲೂ ಮೂರು. ಒಂದರ ಬೆಲೆ ಸೊನ್ನೆಯಾದರೆ ಅದು ಪಟ್ಟಿಯಿಂದ ಬಿದ್ದುಹೋಗುವುದಿಲ್ಲ. ಸೊನ್ನೆಯೆಂಬ ಬೆಲೆಯನ್ನು ಹೊತ್ತು ತನ್ನ ಸ್ಥಾನದಲ್ಲಿ ಕುಳಿತಿರುತ್ತದೆ.

ಜರ್ಮನಿಯ ಆಟೋ ಮೋರ್ ಎಂಬ ಇಂಜಿನಿಯರನು 1882ರಲ್ಲಿ ಇವನ್ನೆಲ್ಲ ಒಂದು ವೃತ್ತದಲ್ಲಿ ಕಾಣಿಸುವ ಉಪಾಯವನ್ನು ಪ್ರಕಟಿಸಿದನು. ಅಡ್ಡಗೆರೆಯ ಮೇಲೆ ಲಂಬ ಪೀಡನವನ್ನೂ ನೆಟ್ಟಗೆರೆಯ ಮೇಲೆ ಕತ್ತರಿ ಪೀಡನವನ್ನೂ ಅಳೆದು, ಎರಡು ಪ್ರಧಾನ ಪೀಡನಗಳ ನಡುವಣ ದೂರವನ್ನು ವ್ಯಾಸವಾಗಿಟ್ಟುಕೊಂಡು ವೃತ್ತವನ್ನೆಳೆದರೆ, ಆ ಎರಡು ದಿಕ್ಕುಗಳನ್ನು ಒಳಗೊಂಡ ಹಾಳೆಯಲ್ಲಿ ಓರೆಯಾಗಿ ತಿರುಗುವ ಪ್ರತಿಯೊಂದು ಕಡಿತದ ಪೀಡನವೂ ವೃತ್ತದ ಮೇಲಣ ಒಂದು ಬಿಂದುವಾಗಿ ದೊರೆಯುವುದು. ವೃತ್ತದ ತುದಿಯೇ ಗರಿಷ್ಠ ಕತ್ತರಿ. ಅದರ ಬೆಲೆ ತ್ರಿಜ್ಯ, ಎಂದರೆ ಎರಡು ಪ್ರಧಾನ ಪೀಡನಗಳ ವ್ಯತ್ಯಾಸದ ಅರ್ಧ. ಉಪಾಯವು ಅಷ್ಟು ಸುಂದರವಾಗಿರುವುದರಿಂದಲೇ ಅದರಲ್ಲಿ ಮೋಸಹೋಗುವುದು ಸುಲಭ. ಕಾಗದವು ಚಪ್ಪಟೆ, ತಗಡು ಚಪ್ಪಟೆ. ತಗಡಿನ ಮುಖದಲ್ಲಿ ಕಾಣುವ ಎರಡು ಪೀಡನಗಳಿಗೆ ವೃತ್ತವನ್ನೆಳೆದು, ಅದರ ತುದಿಯನ್ನು ನೋಡಿ, ಇದೇ ಈ ಬಿಂದುವಿನ ಪರಮ ಕತ್ತರಿ ಪೀಡನವೆಂದು ಹೇಳಿಬಿಡುವರು. ಮೋರನು ಮಾತ್ರ ಮೂರು ವೃತ್ತಗಳನ್ನು ಹೇಳಿದ್ದನು. σ1–σ2, σ2–σ3, σ1–σ3 ಎಂಬ ಮೂರು ಜೋಡಿಗಳಿಗೆ ಮೂರು ವೃತ್ತಗಳು. ಮೊದಲೆರಡು ಚಿಕ್ಕವು ಒಂದರ ಪಕ್ಕಕ್ಕೊಂದು ತಗುಲಿಕೊಂಡು ಮೂರನೆಯ ದೊಡ್ಡದರ ಹೊಟ್ಟೆಯಲ್ಲಿ ಅಡಗಿರುವುವು.

ದೊಡ್ಡ ವೃತ್ತವನ್ನು ಮೀರಿದ ಕತ್ತರಿ ಪೀಡನವು ಯಾವ ಓರೆ ಕಡಿತದಲ್ಲಿಯೂ ಇರಲಾರದೆಂಬುದಕ್ಕೆ ಪ್ರಮಾಣವೇನು? ಮೂರು ದಿಕ್ಕುಗಳಿಗೂ ಓರೆಯಾದ ಒಂದು ಕಡಿತವನ್ನು ತೆಗೆದುಕೊಳ್ಳೋಣ. ಅದರ ಲಂಬರೇಖೆಯು ಮೂರು ಪ್ರಧಾನ ದಿಕ್ಕುಗಳೊಡನೆ ಮಾಡುವ ಕೋನಗಳ ಕೊಸೈನುಗಳು l, m, n ಆಗಿರಲಿ. ಇವುಗಳ ವರ್ಗಗಳ ಮೊತ್ತ 1. ಆ ಕಡಿತದ ಮೇಲಣ ಲಂಬ ಪೀಡನ ಹೀಗಿರುವುದು:

σ = l²σ1 + m²σ2 + n²σ3

ಇದು ಮೂರು ಪೀಡನಗಳ ತೂಕದ ಸರಾಸರಿಯಲ್ಲದೆ ಬೇರೆಯಲ್ಲ. l², m², n² ಇವೇ ತೂಕಗಳು. ಕಡಿತದ ಮೇಲಣ ಒಟ್ಟು ಬಲದ ವರ್ಗದಿಂದ ಲಂಬ ಭಾಗದ ವರ್ಗವನ್ನು ಕಳೆದರೆ ಕತ್ತರಿ ಪೀಡನದ ವರ್ಗವು ಉಳಿಯುವುದು:

τ² = l²σ1² + m²σ2² + n²σ3² − σ²

ಸಂಖ್ಯಾಶಾಸ್ತ್ರವನ್ನು ಬಲ್ಲವರು ಇದನ್ನು ನೋಡಿದೊಡನೆ ಗುರುತಿಸುವರು: ಇದು ಆ ಮೂರು ಬೆಲೆಗಳ ಚದುರುವಿಕೆಯ ಅಳತೆ. ಚದುರುವಿಕೆಯನ್ನು ಸರಾಸರಿಯಿಂದ ಅಳೆದರೆ ಅತ್ಯಂತ ಕಡಿಮೆಯಾಗುವುದು, ಬೇರೆ ಯಾವ ಬಿಂದುವಿನಿಂದ ಅಳೆದರೂ ಅದಕ್ಕಿಂತ ಕಡಿಮೆಯಾಗದು ಎಂಬುದು ಪ್ರಸಿದ್ಧ. ಆದುದರಿಂದ σ1, σ3 ಇವುಗಳ ನಡುಬಿಂದುವಿನಿಂದ ಅಳೆಯೋಣ. ಮೂರರಲ್ಲಿ ಯಾವುದೂ ಈ ನಡುಬಿಂದುವಿನಿಂದ (σ1 − σ3)/2 ಎಂಬುದಕ್ಕಿಂತ ದೂರದಲ್ಲಿರಲಾರದು. ಹೀಗಾಗಿ τ ಸಹ ಅದನ್ನು ಮೀರಲಾರದು. ಆ ಎಲ್ಲೆಯನ್ನು ಮುಟ್ಟಬೇಕಾದರೆ ತೂಕವೆಲ್ಲ ಎರಡು ಕೊನೆಗಳಲ್ಲಿ ಸಮವಾಗಿ ಹಂಚಿಕೆಯಾಗಬೇಕು. ಮಧ್ಯಮ ಪೀಡನಕ್ಕೆ ತೂಕವಿರಕೂಡದು. ಎಂದರೆ ಪರಮ ಕತ್ತರಿಯ ಸಮತಲವು σ1, σ3 ದಿಕ್ಕುಗಳಿಗೆ 45 ಅಂಶಗಳಲ್ಲಿ ಓರೆಯಾಗಿದ್ದು σ2ನ ದಿಕ್ಕನ್ನು ತನ್ನ ಮೈಯಲ್ಲಿಯೇ ಒಳಗೊಂಡಿರುವುದು. ಈ ಕೊನೆಯ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಕೊಳವೆಯ ಮೇಲೆ ಗೀರುಗಳನ್ನು ಓದುವಾಗ ಅದು ಬೇಕಾಗುವುದು.

ಈಗ ಕೊಳವೆಗೆ ಬರೋಣ. ಶಿವನಸಮುದ್ರದಷ್ಟು ಎತ್ತರದ ಕೆಳಗೆ, ಎಂದರೆ 120 ಮೀಟರು ನೀರಿನ ಕೆಳಗೆ, ಒತ್ತಡವು ಚದರ ಮಿಲಿಮೀಟರಿಗೆ ಸುಮಾರು 1.2 ನ್ಯೂಟನ್ ಆಗುವುದು. ಕೊಳವೆಯ ಒಳವ್ಯಾಸ 1.5 ಮೀಟರು, ತಗಡಿನ ದಪ್ಪ 12 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಇವು ಲೆಕ್ಕಕ್ಕಾಗಿ ಆರಿಸಿಕೊಂಡ ಅಳತೆಗಳು, ಅಲ್ಲಿಯ ಕೊಳವೆಗಳ ಅಳತೆಗಳಲ್ಲ. ಗಾಡಿಯ ಚಕ್ರಕ್ಕೆ ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿಯಂತೆ ಕೊಳವೆಯ ಸುತ್ತಳತೆಯ ಗುಂಟ ಎಳೆತವುಂಟಾಗುವುದು. ಇದು ಬಳೆ ಪೀಡನ. ಅದರ ಬೆಲೆ pr/t, ಎಂದರೆ 1.2 × 750 / 12 = 75. ಕೊಳವೆಯ ಕೆಳತುದಿ ಕದದಿಂದ ಮುಚ್ಚಿದ್ದು ಕೊಳವೆಯು ಉದ್ದಕ್ಕೆ ಹಿಗ್ಗಲು ಸ್ವತಂತ್ರವಾಗಿದ್ದರೆ, ಮುಚ್ಚಳದ ಮೇಲಣ ನೀರಿನ ತಳ್ಳು ಕೊಳವೆಯನ್ನು ಉದ್ದಕ್ಕೆ ಎಳೆಯುವುದು. ಈ ನೀಳ ಪೀಡನ pr/2t, ಎಂದರೆ 37.5. ಮೂರನೆಯದು ತಗಡಿನ ದಪ್ಪದ ಗುಂಟ ಇರುವ ಪೀಡನ. ಒಳಮುಖದಲ್ಲಿ ನೀರು ಒತ್ತುವುದರಿಂದ ಅದು −1.2, ಹೊರಮುಖದಲ್ಲಿ ಗಾಳಿಯೇ ಇರುವುದರಿಂದ ಸೊನ್ನೆ.

ತಗಡಿನ ಮುಖವನ್ನು ಮಾತ್ರ ನೋಡುವವನು 75ಕ್ಕೂ 37.5ಕ್ಕೂ ವೃತ್ತವನ್ನೆಳೆದು ಗರಿಷ್ಠ ಕತ್ತರಿ 18.75 ಎನ್ನುವನು. ಹೊರಮುಖದಲ್ಲಿ ಮೂರನೆಯದಾದ ಸೊನ್ನೆಯನ್ನೂ ಪಟ್ಟಿಗೆ ಸೇರಿಸಿದರೆ σ1 = 75, σ2 = 37.5, σ3 = 0; ಪರಮ ಕತ್ತರಿ 37.5. ಒಳಮುಖದಲ್ಲಿ ಅದು 38ನ್ನು ಸ್ವಲ್ಪ ಮೀರುವುದು. ಮೊದಲನೆಯವನ ಉತ್ತರ ನಿಜದ ಸರಿಯಾಗಿ ಅರ್ಧ! ಅವನ ವೃತ್ತದಲ್ಲಿ ತಪ್ಪು ಗೆರೆಯೊಂದೂ ಇಲ್ಲ. ಆ ಹಾಳೆಯಲ್ಲಿ ತಿರುಗುವ ಕಡಿತಗಳ ಮಟ್ಟಿಗೆ ಅದು ಸತ್ಯ. ಆದರೆ ಉಕ್ಕು ಜಾರುವುದಕ್ಕೆ ಆ ಹಾಳೆಯ ಅಪ್ಪಣೆಯನ್ನು ಕಾಯುವುದಿಲ್ಲ. ದಪ್ಪದೊಳಕ್ಕೆ ಓರೆಯಾಗಿ ಇಳಿಯುವ ಸಮತಲವು ಸುಲಭವಾದರೆ ಅದರ ಗುಂಟವೇ ಜಾರುವುದು.

ಈ ತಪ್ಪಿನ ಸ್ವರೂಪವು ಇನ್ನೂ ಸ್ಪಷ್ಟವಾಗಬೇಕಾದರೆ ಕೊಳವೆಯನ್ನು ಹಿಡಿದಿರುವ ರೀತಿಯನ್ನು ಬದಲಾಯಿಸಿ ನೋಡಬೇಕು. ಪೆನ್‌ಸ್ಟಾಕ್ ಕೊಳವೆಗಳನ್ನು ಕೆಲವೆಡೆ ಒಂದರೊಳಗೊಂದು ಜಾರುವ ಹಿಗ್ಗುಜೋಡಣೆಗಳಿಂದ ಸೇರಿಸುವರು. ಆಗ ಉದ್ದಕ್ಕೆ ಎಳೆತವೇ ಹುಟ್ಟುವುದಿಲ್ಲ. ಜೋಡಣೆಯ ಘರ್ಷಣೆಯನ್ನು ಬಿಟ್ಟರೆ ನೀಳ ಪೀಡನ ಸೊನ್ನೆ. ಮುಖದ ವೃತ್ತ 75ಕ್ಕೂ 0ಗೂ; ಅದರ ತುದಿ 37.5. ಇನ್ನು ಕೆಲವೆಡೆ ಎರಡು ತುದಿಗಳನ್ನೂ ಕಾಂಕ್ರೀಟಿನ ದಿಮ್ಮಿಗಳಲ್ಲಿ ಹುಗಿದುಬಿಡುವರು. ಬಳೆ ಹಿಗ್ಗಿದಾಗ ಕೊಳವೆಯು ಉದ್ದದಲ್ಲಿ ಕುಗ್ಗಲೆಳಸುತ್ತದೆ, ದಿಮ್ಮಿಗಳು ಬಿಡುವುದಿಲ್ಲ. ಆದುದರಿಂದ ಬಳೆ ಪೀಡನದ ಸುಮಾರು ಮೂರು ದಶಾಂಶ, ಎಂದರೆ 22.5ರಷ್ಟು ನೀಳ ಎಳೆತ ಹುಟ್ಟುವುದು. ಮುಖದ ವೃತ್ತದ ತುದಿ ಈಗ 26.25. ಹಾಗಾದರೆ ಮುಖದ ವೃತ್ತವನ್ನೇ ನಂಬಿದವನ ಮಾತಿನಂತೆ, ಜಾರುವ ಜೋಡಣೆಯ ಕೊಳವೆ ಅತ್ಯಂತ ಕಷ್ಟದಲ್ಲಿದೆ. ಹುಗಿದ ಕೊಳವೆಗೆ ಕಷ್ಟ ಕಡಿಮೆ. ಉದ್ದಕ್ಕೂ ಪೂರ್ತಿಯಾಗಿ ಎಳೆಸಿಕೊಳ್ಳುತ್ತಿರುವ ಕೊಳವೆಯೇ ಎಲ್ಲಕ್ಕಿಂತ ಸುಖಿ! ಎಳೆತವನ್ನು ಹೆಚ್ಚಿಸಿದಷ್ಟೂ ತಗಡು ನಿರಾತಂಕವಾಗುವುದೆಂಬ ಈ ವಿಚಿತ್ರವಾದ ನಿರ್ಣಯವೇ ಎಚ್ಚರಿಕೆಯಾಗಬೇಕಾಗಿತ್ತು. ನಿಜವಾಗಿ ಮೂರು ಸಂದರ್ಭಗಳಲ್ಲಿಯೂ ಹೊರಮುಖದ ಪರಮ ಕತ್ತರಿ ಒಂದೇ, 37.5. ಮಧ್ಯಮ ಪೀಡನವು 0ಯಿಂದ 37.5ರವರೆಗೆ ಎಲ್ಲಿ ಓಡಾಡಿದರೂ ಕೊನೆಗಳು ಕದಲುವುದಿಲ್ಲ.

ಹಾಗೆಂದು ಮುಖದ ವೃತ್ತವು ಯಾವಾಗಲೂ ಸುಳ್ಳೆಂದಲ್ಲ. ಮೇಲೆ ಹೇಳಿದ ಹುಗಿದ ಕೊಳವೆಯ ಮೇಲೆ ಬಿಸಿಲು ಬಿದ್ದು, ಅದು ಹುಗಿದ ದಿನಕ್ಕಿಂತ 15 ಡಿಗ್ರಿ ಹೆಚ್ಚಾಗಿ ಕಾದಿತೆನ್ನೋಣ. ಹಿಗ್ಗಲು ಎಡೆಯಿಲ್ಲದ ಉಕ್ಕಿನಲ್ಲಿ ಸುಮಾರು 36ರಷ್ಟು ಒತ್ತು ಪೀಡನ ಹುಟ್ಟುವುದು. ಆಗ ನೀಳ ಪೀಡನ 22.5 − 36 = −13.5. ಈಗ ಸೊನ್ನೆಯು ಮಧ್ಯಮ ಸ್ಥಾನಕ್ಕೆ ಹೋಯಿತು. ಎರಡು ಕೊನೆಗಳೂ ತಗಡಿನ ಮುಖದಲ್ಲಿಯೇ ಇವೆ. ಮುಖದ ವೃತ್ತದ ತುದಿಯಾದ 44.25 ತಾನೇ ಪರಮ ಕತ್ತರಿ. ಮುಖದ ಎರಡು ಪೀಡನಗಳು ವಿರುದ್ಧ ಚಿಹ್ನೆಯವಾದರೆ ಮುಖದ ವೃತ್ತ ಸಾಕು, ಎರಡೂ ಒಂದೇ ಚಿಹ್ನೆಯವಾದರೆ ಸಾಲದು ಎಂಬುದು ಇದರಿಂದ ತಿಳಿಯುವುದು. ತಿರುಚುವಿಕೆಗೆ ಒಳಗಾದ ಅಚ್ಚಿನಂತಹ ಉದಾಹರಣೆಗಳಲ್ಲಿ ಚಿಹ್ನೆಗಳು ಸಹಜವಾಗಿಯೇ ವಿರುದ್ಧ. ಅಂತಹವುಗಳಲ್ಲಿ ಕೈ ಪಳಗಿಸಿಕೊಂಡ ವಿದ್ಯಾರ್ಥಿಯು ಕೊಳವೆಗೆ ಬಂದಾಗ ಎಡವುವುದು ಆಶ್ಚರ್ಯವಲ್ಲ.

ಈ ತಪ್ಪು ಅತಿಶಯವಾಗಿ ಕಾಣುವುದು ಕೊಳವೆಯ ತುದಿಗೆ ತೊಡಿಸುವ ಅರ್ಧಗೋಲದ ಮುಚ್ಚಳದಲ್ಲಿ. ಗೋಲದಲ್ಲಿ ಎಲ್ಲ ದಿಕ್ಕಿಗೂ ಎಳೆತ ಒಂದೇ, pr/2t. ಎರಡು ಸಮನಾದ ಪೀಡನಗಳಿಗೆ ವೃತ್ತವನ್ನೆಳೆಯಲು ಹೋದರೆ ಅದು ಬರಿಯ ಚುಕ್ಕೆಯಾಗುವುದು. ಕತ್ತರಿ ಪೀಡನವೇ ಇಲ್ಲವೆಂದು ಚುಕ್ಕೆ ಹೇಳುವುದು. ನಿಜವಾದ ಪರಮ ಕತ್ತರಿ pr/4t. ಒತ್ತಡವನ್ನು ಏರಿಸುತ್ತ ಹೋದರೆ ಮುಚ್ಚಳವು ಮಣಿದೇ ಮಣಿಯುವುದು.

ಕಾಗದದ ಮೇಲಿನ ಈ ಭೇದವು ತಗಡಿನ ದಪ್ಪದಲ್ಲಿ ಏನು ಮಾಡುವುದೆಂಬುದನ್ನು ನೋಡೋಣ. ಮೆದು ಉಕ್ಕು ಒಂದೇ ದಿಕ್ಕಿನ ಎಳೆತಕ್ಕೆ ಸುಮಾರು 240ರಲ್ಲಿ ಮಣಿಯುವುದೆಂದು ಹಿಡಿದರೆ, ಆಗ ಅದರಲ್ಲಿರುವ ಪರಮ ಕತ್ತರಿ 120. ಮೂರು ಪಾಲು ಭದ್ರತೆ ಬೇಕೆಂದರೆ ಕತ್ತರಿಯು 40ನ್ನು ಮೀರಕೂಡದು. ಸರಿಯಾದ ಲೆಕ್ಕದಂತೆ ದಪ್ಪವು 1.2 × 750 / 80, ಎಂದರೆ 11.25 ಮಿಲಿಮೀಟರು, 12ರ ತಗಡು ಸರಿಹೋಗುವುದು. ಮುಖದ ವೃತ್ತವನ್ನು ನಂಬಿದವನಿಗೆ 5.6 ಸಾಕೆನಿಸಿ ಅವನು 6ರ ತಗಡನ್ನು ತರಿಸುವನು. ತನ್ನಲ್ಲಿ ಮೂರು ಪಾಲು ಭದ್ರತೆಯಿದೆಯೆಂದು ಅವನ ನಂಬಿಕೆ, ಇರುವುದು 1.6 ಮಾತ್ರ. ಕದವನ್ನು ಬೇಗನೆ ಮುಚ್ಚಿದಾಗ ನೀರಿನ ಬಡಿತದಿಂದ ಒತ್ತಡವು ನೂರಕ್ಕೆ 30ರಷ್ಟು ಏರಿತೆನ್ನೋಣ. ಬಳೆ ಪೀಡನ 150 ಇದ್ದುದು 195 ಆಗುವುದು. ರಿವೆಟ್ಟಿನ ಜೋಡಣೆಯಾದರೆ ತೂತುಗಳು ಕೊರೆದುಕೊಂಡ ಮೇಲೆ ಉಳಿಯುವ ತಗಡಿನ ಬಲ ಪೂರ್ಣ ತಗಡಿನ ನೂರಕ್ಕೆ 75ರಷ್ಟೆಂದು ಹಿಡಿಯೋಣ. ಜೋಡಣೆಯ ಸಾಲಿನಲ್ಲಿ ಪೀಡನವು 260ಕ್ಕೆ ಮುಟ್ಟುವುದು. ಉಕ್ಕು ಮಣಿಯುವ ಮಿತಿ ದಾಟಿಹೋಯಿತು. 12ರ ತಗಡಿನಲ್ಲಾದರೋ ಇದೇ ಸಾಲಿನಲ್ಲಿ 130 ಮಾತ್ರ.

ಇದೇ ತಪ್ಪು ಲೆಕ್ಕವನ್ನು ಚುಂಚನಕಟ್ಟೆಯ ಎತ್ತರಕ್ಕೆ ಹಾಕಿದರೆ ಏನಾಗುವುದು? 20 ಮೀಟರಿಗೆ ಒತ್ತಡ 0.2. ಕಡಿಮೆ ಎತ್ತರದಲ್ಲಿ ಶಕ್ತಿ ಬೇಕಾದರೆ ನೀರು ಹೆಚ್ಚು ಬೇಕು, ಕೊಳವೆ ಅಗಲವಾಗಬೇಕು. ವ್ಯಾಸ 3 ಮೀಟರು ಎಂದಿರಲಿ. ಇಷ್ಟು ಅಗಲದ ಕೊಳವೆಯನ್ನು ಸಾಗಿಸುವಾಗ, ಎತ್ತಿ ಇಳಿಸುವಾಗ ಅದು ತನ್ನ ಭಾರಕ್ಕೇ ಸೊಟ್ಟಗಾಗದಿರಲು ಒಂದು ಕನಿಷ್ಠ ದಪ್ಪವನ್ನು ಇಂಜಿನಿಯರರು ಇಟ್ಟುಕೊಂಡಿರುವರು: ಮಿಲಿಮೀಟರಿನಲ್ಲಿ ವ್ಯಾಸಕ್ಕೆ 508ನ್ನು ಕೂಡಿಸಿ 400ರಿಂದ ಭಾಗಿಸುವುದು. ಇಲ್ಲಿ ಅದು ಸುಮಾರು 9 ಮಿಲಿಮೀಟರು. ಆ ದಪ್ಪದಲ್ಲಿ ಬಳೆ ಪೀಡನ 33ರಷ್ಟು. ನಿಜವಾದ ಕತ್ತರಿ 17ರ ಒಳಗೆ, ತಪ್ಪು ಕತ್ತರಿ 8ರಷ್ಟು. ಎರಡೂ 40ಕ್ಕೆ ಬಹಳ ಕೆಳಗೆ. ಸರಿ ಲೆಕ್ಕದವನೂ ತಪ್ಪು ಲೆಕ್ಕದವನೂ ಒಂದೇ ತಗಡನ್ನು ತರಿಸುವರು, ಎರಡು ಕೊಳವೆಗಳೂ ವರ್ಷಗಟ್ಟಲೆ ನಿಲ್ಲುವುವು. ಹೀಗೆ ಕಡಿಮೆ ಎತ್ತರದಲ್ಲಿ ಕೆಲಸ ಕಲಿತವನ ಸೂತ್ರವು ಅನುಭವದಿಂದ ಸಿದ್ಧವಾಯಿತೆಂಬ ಹೆಸರನ್ನು ಪಡೆದು, ಹೆಚ್ಚು ಎತ್ತರದ ಕಡೆಗೆ ಹೊರಡುವುದು. ತಪ್ಪು ಸೂತ್ರವನ್ನು ಕಾಪಾಡಿದುದು ಲಾರಿಯ ಮೇಲಣ ಕುಲುಕಾಟಕ್ಕಾಗಿ ಇಟ್ಟ ದಪ್ಪವೆಂದು ಯಾರಿಗೂ ಹೊಳೆಯುವುದಿಲ್ಲ.

ಮೆದುವಾದ ಲೋಹವು ಮಣಿಯುವುದು ಪರಮ ಕತ್ತರಿಯಿಂದಲೇ ಎಂಬುದಕ್ಕೆ ಆಧಾರವಿರಬೇಕಷ್ಟೆ. ಫ್ರಾನ್ಸಿನ ಟ್ರೆಸ್ಕಾ ಎಂಬವನು ಲೋಹಗಳನ್ನು ರಂಧ್ರದಿಂದ ಹಿಂಡಿ ಹೊರಡಿಸುವ ಪ್ರಯೋಗಗಳಿಂದ 1864ರಲ್ಲಿ ಈ ನಿಯಮವನ್ನು ಮುಂದಿಟ್ಟನು. ಇಂಗ್ಲೆಂಡಿನ ಗೆಸ್ಟ್ ಎಂಬವನು 1900ರಲ್ಲಿ ಪ್ರಕಟಿಸಿದ ಪ್ರಯೋಗಗಳು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಅವನು ತೆಳು ಕೊಳವೆಗಳನ್ನೇ ತೆಗೆದುಕೊಂಡು ಎಳೆತ, ತಿರುಚು, ಒಳಗಿನ ಒತ್ತಡ ಇವುಗಳನ್ನು ಬೇರೆ ಬೇರೆಯಾಗಿಯೂ ಕೂಡಿಸಿಯೂ ಹೂಡಿ, ಮಣಿಯುವ ಕ್ಷಣದಲ್ಲಿ ಹೆಚ್ಚುಕಡಮೆ ಸ್ಥಿರವಾಗಿರುವುದು ಅತ್ಯಧಿಕ ಕತ್ತರಿ ಪೀಡನವೆಂದು ಕಂಡನು. 1926ರಲ್ಲಿ ಜರ್ಮನಿಯ ಲೋಡೆ ಎಂಬವನು ಇಂತಹ ಕೊಳವೆಗಳನ್ನೇ ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿ, ಮಧ್ಯಮ ಪೀಡನಕ್ಕೂ ಸ್ವಲ್ಪ ಪ್ರಭಾವವಿದೆಯೆಂದು ತೋರಿಸಿದನು. 1913ರಲ್ಲಿ ಮೀಸೆಸ್ ಹೇಳಿದ ನಿಯಮವು ಪ್ರಯೋಗಕ್ಕೆ ಹೆಚ್ಚು ಹೊಂದುವುದೆಂದಾಯಿತು. ಅದರಂತೆ ನಮ್ಮ ಮುಚ್ಚಿದ ಕೊಳವೆಯ 75 ಮತ್ತು 37.5 ಕೂಡಿ 65ರ ಒಂಟಿ ಎಳೆತಕ್ಕೆ ಸಮಾನ. ಟ್ರೆಸ್ಕಾನ ನಿಯಮದಂತೆ ಅದು 75. ಎಂದರೆ ನೀಳ ಎಳೆತದಿಂದ ಕೊಳವೆಗೆ ದೊರೆಯುವ ನಿಜವಾದ ರಿಯಾಯಿತಿ ನೂರಕ್ಕೆ 13ರಷ್ಟು. ಮುಖದ ವೃತ್ತವು ಕೊಡಹೊರಟುದು ನೂರಕ್ಕೆ 50. ಬೀಡು ಕಬ್ಬಿಣದಂತಹ ಪೆಡಸು ಲೋಹಗಳು ಜಾರುವ ಮೊದಲೇ ಎಳೆತದಿಂದ ಬಿರಿಯುವುದರಿಂದ ಅವುಗಳಿಗೆ ಈ ವಿಚಾರವನ್ನು ಅನ್ವಯಿಸಬಾರದು.

ಅಳತೆ ಮಾಡುವವರಿಗೂ ಇಲ್ಲಿ ಒಂದು ಬಲೆಯಿದೆ. ಈಗ ಕೊಳವೆಯ ಹೊರಮುಖಕ್ಕೆ ಮೂರು ದಿಕ್ಕಿನ ವಿಕೃತಿಮಾಪಕಗಳನ್ನು ಅಂಟಿಸಿ ಪೀಡನಗಳನ್ನು ಅಳೆಯುವರು. ಅಂಟಿಸಿದ ಮಾಪಕವು ಮುಖದ ಸಂಗತಿಯನ್ನಲ್ಲದೆ ಬೇರೇನನ್ನೂ ಅರಿಯದು. ಆ ಅಳತೆಯಿಂದ ಯಂತ್ರವು ಲೆಕ್ಕಹಾಕಿ ಗರಿಷ್ಠ ಕತ್ತರಿಯೆಂದು ತೋರಿಸುವ ಬೆಲೆ ಸಾಮಾನ್ಯವಾಗಿ ಮುಖದ ವೃತ್ತದ್ದೇ ಆಗಿರುತ್ತದೆ. ದೊರೆತ ಎರಡು ಪ್ರಧಾನ ಪೀಡನಗಳ ಪಕ್ಕದಲ್ಲಿ ಸೊನ್ನೆಯನ್ನು ಕೈಯಿಂದ ಬರೆದು, ಮೂರರಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆದು ಅರ್ಧಮಾಡಬೇಕು.

ಮಣಿದ ಕೊಳವೆಯಾದರೆ ತಾನೇ ಸಾಕ್ಷಿ ಹೇಳುವುದು. ಬಿಸಿಯಲ್ಲಿ ಉರುಳೆಯಿಂದ ಹೊರಬಂದ ತಗಡಿನ ಮೇಲೆ ಕಪ್ಪು ಪೊರೆಯೊಂದಿರುವುದು. ಕೆಳಗಿನ ಉಕ್ಕು ಜಾರಿದಲ್ಲಿ ಅದು ಗೀರುಗೀರಾಗಿ ಉದುರುವುದು. ಮುಖದ ಹಾಳೆಯೊಳಗಿನ ಕತ್ತರಿಯಿಂದ ಉಕ್ಕು ಜಾರಿದ್ದರೆ ಗೀರುಗಳು ಕೊಳವೆಯನ್ನು 45 ಅಂಶಗಳ ಓರೆಯಲ್ಲಿ ಬಳ್ಳಿಯಂತೆ ಸುತ್ತಬೇಕು. ದಪ್ಪದೊಳಕ್ಕಿಳಿಯುವ ಸಮತಲದಲ್ಲಿ ಜಾರಿದ್ದರೆ, ಆ ಸಮತಲವು ಮಧ್ಯಮ ಪೀಡನದ ದಿಕ್ಕನ್ನು, ಎಂದರೆ ಕೊಳವೆಯ ಉದ್ದವನ್ನು, ತನ್ನಲ್ಲಿ ಒಳಗೊಂಡಿರುವುದರಿಂದ ಗೀರುಗಳು ಕೊಳವೆಯ ಅಚ್ಚಿಗೆ ಸಮಾನಾಂತರವಾಗಿ ನೆಟ್ಟಗೆ ಓಡಬೇಕು. ಒತ್ತಡದಿಂದ ಸೀಳಿದ ಮೆದು ಉಕ್ಕಿನ ಕೊಳವೆಯನ್ನು ನೋಡಿದವರು ಎರಡನೆಯದನ್ನೇ ಕಾಣುವರು. ಸೀಳು ಉದ್ದಕ್ಕೆ ಹೋಗಿರುವುದು. ಅದರ ತುಟಿಯನ್ನು ಬೆರಳಿನಿಂದ ಸವರಿದರೆ ಅಂಚು ಮುಖಕ್ಕೆ ನೇರವಾಗಿರದೆ, ಉಳಿಯ ಬಾಯಿಯಂತೆ ದಪ್ಪದ ಗುಂಟ 45 ಅಂಶಗಳಿಗೆ ಹತ್ತಿರದ ಓರೆಯಲ್ಲಿ ಇಳಿದಿರುವುದು ತಿಳಿಯುತ್ತದೆ.